ಶೇಖ್ ಅಬ್ದುಲ್ ಜವಾದರ ಒಂದು ಗೀಟು

ಕೈರೋದ ದೊಡ್ಡ ಮಸೀದಿಯ ಹಿಂದಿನ ಗಲ್ಲಿಯಲ್ಲಿದ್ದ ಆ ಅಚ್ಚುಕೂಟಕ್ಕೆ ಶೇಖ್ ಅಬ್ದುಲ್ ಜವಾದರು ಕರಡು ತಿದ್ದಲು ಬಂದಾಗ ಅವರ ಗಡ್ಡ ಕಪ್ಪಗಿತ್ತು. ಈ ಕತೆಯ ಹೊತ್ತಿಗೆ ಅದು ಪೂರ್ತಿ ಹಣ್ಣಾಗಿತ್ತು. ನಡುವಿನ ಇಪ್ಪತ್ತಾರು ವರ್ಷ ಅವರು ಕಿಟಕಿ ಪಕ್ಕದ ಒಂದೇ ಕುರ್ಚಿಯಲ್ಲಿ ಕೂತು, ಮಂದಿ ಬರೆದದ್ದಕ್ಕೆಲ್ಲ ಸ್ವರಚಿಹ್ನೆ ಹಾಕುತ್ತ, ವಿಭಕ್ತಿ ನೇರ ಮಾಡುತ್ತ ಕಳೆದರು. ಬೆಳಿಗ್ಗೆ ಒಂದು ತಟ್ಟೆ ಬೇಯಿಸಿದ ಫೂಲ್ ಕಾಳು, ಮಧ್ಯಾಹ್ನ ಕಪ್ಪು ಚಹಾ, ಸಂಜೆ ಮನೆ. ಹೇಳಿಕೊಳ್ಳುವಂಥದ್ದು ಇನ್ನೇನೂ ಇಲ್ಲ.

ಇಲ್ಲ ಅಂದರೆ ತಪ್ಪಾದೀತು, ಒಂದಿತ್ತು. ಪುಸ್ತಕ ಅಚ್ಚಾದ ಮೇಲೆ ತಪ್ಪು ಸಿಕ್ಕರೆ, ಯಾವ ಪುಟ, ಯಾವ ಸಾಲು, ತಪ್ಪೇನು, ಸರಿಯೇನು ಅಂತ ಒಂದು ಚೀಟಿ ಅಚ್ಚುಹಾಕಿ ಕೊನೆಗೆ ಅಂಟಿಸುವುದು ಅಲ್ಲಿಯ ವಾಡಿಕೆ. ಶೇಖರು ತಿದ್ದಿದ ಒಂದು ಪುಸ್ತಕಕ್ಕೂ ಆ ಚೀಟಿ ಬಿದ್ದಿರಲಿಲ್ಲ. ಬಾಯಿಬಿಟ್ಟು ಜಂಬ ಕೊಚ್ಚಿದವರಲ್ಲ, ಆದರೆ ಬೇರೆಯವರ ಪುಸ್ತಕ ಕೈಗೆ ಸಿಕ್ಕರೆ ಮೊದಲು ಕೊನೆಯ ಪುಟ ತಿರುವಿ ನೋಡುತ್ತಿದ್ದರು. ನೋಡಿ, ಗಡ್ಡದೊಳಗೇ ನಗುತ್ತಿದ್ದರು.

ಆ ವರ್ಷ ಅವರ ಕಣ್ಣು ಮಂಜಾಗತೊಡಗಿತು. ಮ್ಯಾನೇಜರ್ ರುಶ್ದಿ ಅಫಂದಿ ಸುತ್ತಿಬಳಸದೆ ಹೇಳಿಬಿಟ್ಟಿದ್ದ. ಹೊಸ ಕಾಲೇಜು ಓದಿದ ಹುಡುಗನೊಬ್ಬ ಕೆಲಸ ಕೇಳಿಕೊಂಡು ದಿನಾ ಬರುತ್ತಿದ್ದಾನೆ, ಶೇಖರ ಹೆಸರಲ್ಲಿ ಒಂದು ಚೀಟಿ ಬಿದ್ದರೆ ಆ ಕುರ್ಚಿ ಅವನದು. ಹೆಂಡತಿ ಸತ್ತು, ಮಕ್ಕಳಿಲ್ಲದ ಮುದುಕನಿಗೆ ಆ ಕುರ್ಚಿ ಬಿಟ್ಟರೆ ಹೋಗಿ ಕೂರಲು ಇನ್ನೊಂದು ಜಾಗವಿರಲಿಲ್ಲ.

ಅಷ್ಟರಲ್ಲಿ ಫಯ್ಯೂಮಿನಿಂದ ವಹೀಬಾ ಎಂಬ ಹೆಂಗಸು ತೀರಿಹೋದ ತನ್ನ ಅಪ್ಪನ ಪುಸ್ತಕ ತಂದಳು. ಆತ ಹಳ್ಳಿಶಾಲೆಯ ಮೇಷ್ಟ್ರು, ಖರ್ಜೂರದ ಗಿಡ ಬೆಳೆಸುವ ಹುಚ್ಚು. ಯಾವ ಗಿಡಕ್ಕೆ ಯಾವ ಮಣ್ಣು, ಯಾವಾಗ ನೀರು ಅಂತೆಲ್ಲ ಬರೆದಿಟ್ಟು ಹೋಗಿದ್ದ. ಅದನ್ನು ಮಗಳು ತನ್ನ ಕೈಯಾರೆ ನಕಲು ಮಾಡಿ ತಂದಿದ್ದಳು. ಆ ಪುಸ್ತಕದ ಮೂವತ್ತೊಂದನೇ ಪುಟದಲ್ಲಿ ಒಂದು ಮಾತಿತ್ತು: ‘ವ ಇನ್ನೀ ಲ ಘಾರಿಸು ನಖ್ಲಿನ್ ಘದನ್’. ನಾನಂತೂ ನಾಳೆ ಖರ್ಜೂರ ನೆಡುವವನೇ, ಅಂತ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅರಬಿಯಲ್ಲಿ ‘ನೆಡುವವನು’ ಎಂಬಂಥ ಪದಕ್ಕೆ ಎರಡು ಬುದ್ಧಿ. ಒಮ್ಮೆ ಅದು ಕ್ರಿಯಾಪದದ ಹಾಗೇ ಕೆಲಸ ಮಾಡಿ ‘ಖರ್ಜೂರವನ್ನು’ ಅಂತ ದ್ವಿತೀಯೆಯಲ್ಲಿ ಕರ್ಮ ಕೇಳುತ್ತದೆ. ಇನ್ನೊಮ್ಮೆ ನಾಮಪದದ ಹಾಗೆ ತನ್ನ ಕೊನೆಯ ‘ನ್’ ಕಳಚಿ ಪಕ್ಕದ ಪದಕ್ಕೆ ಅಂಟಿಕೊಂಡು ‘ಖರ್ಜೂರದ’ ಅಂತ ಷಷ್ಠಿಯಲ್ಲಿ ಕೇಳುತ್ತದೆ. ಮುಗಿದುಹೋದ ಕೆಲಸಕ್ಕಾದರೆ ಷಷ್ಠಿಯೇ. ಇವತ್ತಿನ, ನಾಳೆಯ ಕೆಲಸಕ್ಕೆ ಎರಡೂ ನಡೆಯುತ್ತದೆ, ಆದರೆ ದ್ವಿತೀಯೆಯೇ ಮೂಲ ಅಂತ ಪಂಡಿತರ ಮಾತು. ಮೇಷ್ಟ್ರು ಷಷ್ಠಿ ಹಿಡಿದಿದ್ದ. ಶೇಖರ ಕಣ್ಣು ‘ನಾಳೆ’ ಎಂಬ ಪದದ ಮೇಲೆ ಬಿತ್ತು. ನಾಳೆ ಅಂದಮೇಲೆ ದ್ವಿತೀಯೆ ಚೆಂದ, ಪಾಪ, ನಕಲು ಮಾಡುವಾಗ ಹೆಣ್ಣುಮಗಳು ದ್ವಿತೀಯೆಯ ಗುರುತಾದ ಅಲಿಫ್ ಎಂಬ ಗೀಟಿನಂಥ ಅಕ್ಷರ ಬಿಟ್ಟಿದ್ದಾಳೆ ಅಂದುಕೊಂಡು, ಕೆಂಪು ಶಾಯಿಯಲ್ಲಿ ನೆಟ್ಟಗೆ ಒಂದು ಗೀಟು ಎಳೆದರು. ‘ಘಾರಿಸುನ್ ನಖ್ಲನ್’ ಆಯಿತು. ಅಚ್ಚುಮೊಳೆ ಜೋಡಿಸುವ ಖಲ್ಲಾಫ್ ಹಾಗೇ ಜೋಡಿಸಿದ. ಐನೂರು ಪ್ರತಿ ಅಚ್ಚಾಯಿತು.

ರಟ್ಟು ಹಾಕುವ ಮೊದಲು ವಹೀಬಾ ಹಾಳೆ ನೋಡಲು ಬಂದಳು. ಶೇಖರ ಎದುರು ಸ್ಟೂಲಿನ ಮೇಲೆ ಕೂತು, ಅಪ್ಪನ ಮಾತನ್ನು ಮೆಲ್ಲಗೆ ಬಾಯಿಬಿಟ್ಟು ಓದುತ್ತ ಹೋದಳು. ಮೂವತ್ತೊಂದನೇ ಪುಟದಲ್ಲಿ ನಿಂತಳು. ಮತ್ತೆ ಓದಿದಳು, ಮತ್ತೆ ಅಲ್ಲೇ ನಿಂತಳು.

“ಗುರುಗಳೇ, ಇದ್ಯಾಕೋ ಕುಂಟ್ತಾ ಇದೆ. ಅಪ್ಪ ಪ್ರತಿ ಗಿಡ ನೆಡೋವಾಗ್ಲೂ ಇದನ್ನ ಹೇಳೋರು, ಹಿಂಗೆ ಎಡವ್ತಾ ಇರ್ಲಿಲ್ಲ.”

ಶೇಖರು ಕನ್ನಡಕ ಮೇಲೇರಿಸಿ, ‘ನಾಳೆ’ ಇದೆಯಲ್ಲ ಮಗಳೇ, ಕರ್ಮ ದ್ವಿತೀಯೆಯಲ್ಲಿದ್ದರೇ ಗಟ್ಟಿ ಅಂತ ಪಾಠ ಒಪ್ಪಿಸಿದರು. ಎದುರು ವಾದಿಸಿದ್ದರೆ ಬೇರೆ ಮಾತಾಗುತ್ತಿತ್ತು. ಅವಳು ವಾದಿಸಲಿಲ್ಲ.

“ಹಂಗಾದ್ರೆ ಅಪ್ಪನೇ ಇಷ್ಟು ವರ್ಷ ತಪ್ಪು ಹೇಳ್ತಿದ್ರು ಅನ್ಸುತ್ತೆ. ನೀವು ಓದಿದೋರು, ನಿಮಗೆ ಗೊತ್ತು,” ಅಂತ ಹಾಳೆಗಳನ್ನು ಒಪ್ಪವಾಗಿ ಜೋಡಿಸಿಟ್ಟು ತಂಗಲು ನಂಟರ ಮನೆಗೆ ಹೋದಳು.

ಸಂಜೆ ಮನೆಗೆ ನಡೆಯುತ್ತ ಶೇಖರ ಬಾಯಲ್ಲಿ ಅದೇ ಮಾತು. ತಾವು ತಿದ್ದಿದ್ದನ್ನು ಹೇಳಿದರೆ ಕಾಲು ತಡವರಿಸುತ್ತಿತ್ತು. ಮೇಷ್ಟ್ರು ಬರೆದದ್ದನ್ನು ಹೇಳಿದರೆ ಹೆಜ್ಜೆಗೆ ಹೆಜ್ಜೆ ಕೂಡುತ್ತಿತ್ತು. ತಾಮ್ರದ ಪಾತ್ರೆಯವರ ಅಂಗಡಿ ಸಾಲಿನಲ್ಲಿ ನಿಂತು, ಬೆರಳ ಮೇಲೆ ಲಘು ಗುರು ಎಣಿಸಿದರು. ಅಯ್ಯೋ ದೇವರೇ, ಅದು ಪದ್ಯ! ಮಣ್ಣು ಗೊಬ್ಬರದ ಮಾತಿನ ನಡುವೆ, ಸಾಲು ಸಹ ಒಡೆಯದೆ, ಆ ಮೇಷ್ಟ್ರು ಒಂದೇ ಒಂದು ಪದ್ಯದ ಸಾಲು ಹೆಣೆದು ಸುಮ್ಮನೆ ಬಿಟ್ಟಿದ್ದ. ‘ಸು’ ಲಘುವಾಗಿದ್ದರೆ ಮಾತ್ರ ಛಂದಸ್ಸು ನಿಲ್ಲುತ್ತಿತ್ತು. ಶೇಖರು ಅಲ್ಲಿ ‘ಸುನ್’ ಸೇರಿಸಿ ಸೊಂಟ ಮುರಿದಿದ್ದರು. ಇಪ್ಪತ್ತಾರು ವರ್ಷದ ಕಸುಬುದಾರ, ಗದ್ಯವೆಂದು ನಂಬಿ ಕಿವಿ ಮುಚ್ಚಿಕೊಂಡಿದ್ದ.

ಸುಮ್ಮನಿರಬಹುದಿತ್ತು. ಯಾವ ಪಂಡಿತ ನೋಡಿದರೂ ವ್ಯಾಕರಣದ ತಪ್ಪು ಅನ್ನಲಾರ. ಗೊತ್ತಿದ್ದ ಒಬ್ಬಳೇ ಒಬ್ಬಳು ಒಪ್ಪಿಕೊಂಡೂ ಹೋಗಿದ್ದಳು. ಅವರನ್ನು ಹಿಂಡಿದ್ದು ಅದೇ. ಅವಳು ಜಗಳ ಆಡಿದ್ದರೆ ತಾವೂ ಎರಡು ಮಾತಾಡಿ ಹಗುರಾಗುತ್ತಿದ್ದರು. ಈಗ ಸತ್ತ ಮನುಷ್ಯನ ಮೇಲೆ ಅವನ ಮಗಳಿಂದಲೇ ತಪ್ಪು ಹೊರಿಸಿದ ಹಾಗಾಗಿತ್ತು.

ಮರುದಿನ ಬೆಳಿಗ್ಗೆ ತಾವೇ ಚೀಟಿ ಬರೆದು ಖಲ್ಲಾಫನ ಮುಂದಿಟ್ಟರು. ಅವನು ಓದಿ, ಮೊಳೆ ಮುಟ್ಟದೆ ಹೋಗಿ ಮ್ಯಾನೇಜರನ್ನು ಕರೆತಂದ.

“ಎರಡೂ ಸರಿ ಅಂತ ನೀವೇ ಅಂತೀರಿ, ಮೌಲಾನಾ. ಮತ್ತೆ ಚೀಟಿ ಯಾಕೆ?” ಅಂದ ರುಶ್ದಿ ಅಫಂದಿ.

“ವ್ಯಾಕರಣಕ್ಕೆ ಎರಡೂ ಸರಿ. ಆ ಪದ್ಯಕ್ಕೆ ಒಂದೇ ಸರಿ.”

“ಚೀಟಿ ಬಿದ್ರೆ ಏನಾಗುತ್ತೆ ಅಂತ ಹೇಳಿದೀನಿ.”

“ಹೇಳಿದೀಯ. ನಂಗೆ ಕಣ್ಣು ಮಂಜು, ಕಿವಿ ನೆಟ್ಟಗಿದೆ.”

ಅಫಂದಿ ಭುಜ ಕುಣಿಸಿ ಹೋದ. ಕೆಟ್ಟವನಲ್ಲ, ಆದರೆ ಹೇಳಿದ ಮಾತು ಹಿಂತೆಗೆಯುವವನೂ ಅಲ್ಲ.

ಮಧ್ಯಾಹ್ನ ವಹೀಬಾ ಬಂದಾಗ ಶೇಖರು ಅಚ್ಚಿನ ಹಸಿ ಆರದ ಚೀಟಿಯನ್ನು ಅವಳ ಕೈಗಿಟ್ಟರು. ಅವಳು ಸರಿಯಾದ ಸಾಲನ್ನು ಓದಿದಳು. ಈ ಸಲ ಎಲ್ಲೂ ನಿಲ್ಲಲಿಲ್ಲ. ಓದು ಮುಗಿಯುವ ಹೊತ್ತಿಗೆ ಗಿಡಕ್ಕೆ ಮಣ್ಣು ಒತ್ತುವವಳ ಹಾಗೆ ಅವಳ ಬಲಗೈ ಸ್ಟೂಲಿನ ಅಂಚನ್ನು ಒತ್ತುತ್ತಿತ್ತು.

“ಅಂದ್ರೆ ಅಪ್ಪ ತಪ್ಪು ಹೇಳ್ತಿರ್ಲಿಲ್ವಾ?”

“ಇಲ್ಲ ಮಗಳೇ.”

“ಮತ್ತೆ ಯಾರ ತಪ್ಪು?”

ಶೇಖರು ಚೀಟಿಯ ಕೆಳಗಡೆ ಬೆರಳಿಟ್ಟು ತೋರಿಸಿದರು. ವಾಡಿಕೆಯಲ್ಲಿ ಇಲ್ಲದ ಒಂದು ಸಾಲು ಅಲ್ಲಿತ್ತು: ಈ ತಪ್ಪು ಬರೆದವರದಲ್ಲ, ತಿದ್ದಿದ ಅಬ್ದುಲ್ ಜವಾದನದು. ಅವಳು ಅದನ್ನೂ ಬಾಯಿಬಿಟ್ಟು ಓದಿ, ಚೀಟಿಯನ್ನು ಅಪ್ಪನ ಹಾಳೆಗಳ ಮೇಲೆ ಒಪ್ಪವಾಗಿ ಇಟ್ಟಳು.

ರಂಜಾನ್ ಮುಗಿದ ಮೇಲೆ ಆ ಕುರ್ಚಿಗೆ ಕಾಲೇಜಿನ ಹುಡುಗ ಬಂದ. ಅಲ್ಲಿಯವರೆಗಿನ ಎರಡು ತಿಂಗಳು ಶೇಖರು ಗದ್ಯ ಬಂದರೂ ಮೇಜಿನ ಮೇಲೆ ಬೆರಳು ತಟ್ಟಿಕೊಂಡೇ ಓದುತ್ತಿದ್ದರು. ಸಾಬೂನಿನ ಜಾಹೀರಾತಿನಲ್ಲೂ ಪದ್ಯ ಸಿಕ್ಕಿತಾ ಮೌಲಾನಾ ಅಂತ ಖಲ್ಲಾಫ್ ಕಾಲೆಳೆಯುತ್ತಿದ್ದ. ಇಲ್ಲ, ಆದರೂ ನೋಡಿಬಿಡೋಣ ಅಂತ ಅವರು ಮತ್ತೆ ಮೊದಲಿನಿಂದ ತಟ್ಟತೊಡಗುತ್ತಿದ್ದರು.