ಕೂಸಿನ ಹಿಂದಿನ ಬಿಳಿ

ನನ್ನ ಅಂಗಡಿಯ ಬೋರ್ಡಿನ ಮೇಲೆ ಈಗಲೂ ಸ್ಟುಡಿಯೋ ಎಂದೇ ಇದೆ. ಒಳಗೆ ಸಿಗುವುದು ಝೆರಾಕ್ಸ್, ಲ್ಯಾಮಿನೇಶನ್, ಆಧಾರ್ ಪ್ರಿಂಟು, ಮತ್ತು ಬೆಳಗ್ಗೆಯಿಂದ ನಿಂತು ಸೊಂಟ ಹಿಡಿಸಿಕೊಂಡ ನಾನು. ಫೋಟೋ ತೆಗೆಯುವ ಹಿಂದಿನ ಕೋಣೆಯಲ್ಲಿ ಪೇಪರಿನ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಕೂತು, ಬಿಳಿ ಪರದೆಯನ್ನು ಪೂರ್ತಿ ಮುಚ್ಚಿಬಿಟ್ಟಿದ್ದವು. ಪರದೆ ಇನ್ನೂ ಇದೆಯೋ ಇಲಿ ತಿಂದಿದೆಯೋ ನನಗೇ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ದರ್ದೂ ಇರಲಿಲ್ಲ. ಹೆಬ್ಬಗೋಡಿಯಲ್ಲಿ ಈಗ ಯಾರೂ ಸ್ಟೂಲಿನ ಮೇಲೆ ಬಂದು ಕೂರುವುದಿಲ್ಲ. ರೂಮಿನಲ್ಲೇ ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ವಾಟ್ಸಾಪಿಗೆ ಹಾಕಿ, "ಅಣ್ಣ, ಹಿಂದೆ ವೈಟ್ ಮಾಡ್ಕೊಡಿ" ಅನ್ನುತ್ತಾರೆ. ನಾನು ಒಂದು ಬಟನ್ ಒತ್ತುತ್ತೇನೆ. ಹಿಂದಿದ್ದ ಕುಕ್ಕರು, ಬಟ್ಟೆ ಹಗ್ಗ, ಗ್ಯಾಸ್ ಸಿಲಿಂಡರ್ ಎಲ್ಲಾ ಮಾಯ. ಫ್ಯಾಕ್ಟರಿಯ ಐಡಿ ಕಾರ್ಡಿಗೆ ಅಷ್ಟು ಸಾಕು. ವೀಸಾಗೂ ಸಾಕು ಅಂದುಕೊಂಡಿದ್ದು ನನ್ನ ಸೋಮಾರಿತನ.

ಆ ಹೆಂಗಸು ಕೊಪ್ಪಳದ ಕಡೆಯವಳು. ಪಕ್ಕದ ರಸ್ತೆಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಗಂಡ ಕೊಲ್ಲಿ ದೇಶವೊಂದರಲ್ಲಿ ವೆಲ್ಡಿಂಗ್ ಸೂಪರ್‌ವೈಸರ್. ಅವಳು ಬಸುರಿ ಇದ್ದಾಗ ಹೋದವನು ಹತ್ತು ತಿಂಗಳ ಮಗಳನ್ನು ಫೋನಿನಲ್ಲಿ ಮಾತ್ರ ನೋಡಿದ್ದ. ತಾಯಿ ಮಗಳನ್ನು ಕರೆಸಿಕೊಳ್ಳಲು ಅವನು ಅಲ್ಲಿಂದಲೇ ಅರ್ಜಿ ಹಾಕಿದ್ದ. ಕೂಸಿನ ಫೋಟೋ ಮಾಡಿ ಕಳಿಸಿದವನು ನಾನು.

ಮೂಲ ಚಿತ್ರದಲ್ಲಿ ಕೂಸು ಮಂಚದ ಮೇಲೆ ಕೂತಿತ್ತು. ಹಿಂದೆ ಕೆಂಪು ಅಂಚಿನ ಕ್ಯಾಲೆಂಡರು, ಒಣಗಿಸಿದ ಲಂಗೋಟಿಗಳು. ಬೀಳದಂತೆ ಆನಿಸಿ ಹಿಡಿದ ತಾಯಿಯ ಹಸಿರು ಬಳೆಯ ಕೈ ಬೇರೆ. ನಾನು ಬಟನ್ ಒತ್ತಿದೆ. ಕ್ಯಾಲೆಂಡರು ಹೋಯಿತು, ಕೈ ಹೋಗಲಿಲ್ಲ. ಅದೂ ಕೂಸಿನದೇ ಎಂದುಕೊಂಡಿತು ಕಂಪ್ಯೂಟರು. ಕೈಯ ಮೇಲೆ ನಾನೇ ಬಿಳಿ ಬಳಿದೆ. ಬಳಿಯುವಾಗ ಭುಜದ ಚೂರು ಹೋಯಿತು. ಅರ್ಜಿ ವಾಪಸ್ ಬಂತು.

ಎರಡನೇ ಸಲ ಭುಜ ಸರಿಮಾಡಿದೆ. ಕೂಸಿನ ಕೂದಲು ಹತ್ತಿಯ ಎಳೆಯಂಥದು. ಅಂಚು ಬಿಗಿ ಮಾಡಿದರೆ ಕೂದಲು ಕತ್ತರಿಸಿ ಟೋಪಿ ಹಾಕಿದಂತೆ ಕಾಣುತ್ತಿತ್ತು, ಸಡಿಲ ಬಿಟ್ಟರೆ ಎಳೆಗಳ ನಡುವೆ ಕ್ಯಾಲೆಂಡರಿನ ಕೆಂಪು ಉಳಿಯುತ್ತಿತ್ತು. ನಡುವೆ ಎಲ್ಲೋ ನಿಲ್ಲಿಸಿ ಕಳಿಸಿದೆ. ಬೇರೆ ಕೆಲಸ ಕಾಯುತ್ತಿತ್ತು.

ನಾಲ್ಕನೇ ದಿನ ಅವಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಜಗಳಕ್ಕೆ ಬಂದವಳ ಹಾಗೆ ಇರಲಿಲ್ಲ, ಅದೇ ಕಷ್ಟವಾಯಿತು.

"ಅಣ್ಣಾರ, ಮತ್ತ ವಾಪಸ್ ಬಂತ್ರಿ. ಎಡಿಟ್ ಮಾಡಿದ ಫೋಟೋ ಅಂತ. ಹೊಸದಾಗಿ ತೆಗಸ್ರಿ ಅಂದಾರ."

"ನಿಮ್ದು?"

"ನನ್ನ ವೀಸಾ ಬಂದೈತ್ರಿ. ಈ ತಿಂಗಳ ಒಳಗ ಹೋಗ್ಬೇಕಂತ, ಇಲ್ಲಾಂದ್ರ ಅದೂ ಹೋಗ್ತೈತಿ. ಕೂಸಿನ್ನ ಬಿಟ್ಟು ಹೆಂಗ ಹೋಗ್ಲಿ ಹೇಳ್ರಿ."

ತಿಂಗಳಲ್ಲಿ ಉಳಿದದ್ದು ಒಂಬತ್ತು ದಿನ. ನನ್ನ ಮೇಲೆ ನನಗೇ ಸಿಟ್ಟು ಬಂತು. ಬಂದ ಸಿಟ್ಟನ್ನು ಪೆಟ್ಟಿಗೆಗಳ ಮೇಲೆ ತೀರಿಸಿಕೊಂಡೆ. ಒಂದೊಂದಾಗಿ ಎಳೆದು ಅಂಗಡಿಯ ಮುಂದೆ ರಾಶಿ ಹಾಕಿದೆ. ಕೊನೆಗೆ ಪರದೆ ಸಿಕ್ಕಿತು. ಇಲಿ ತಿಂದಿರಲಿಲ್ಲ, ಅಷ್ಟೇ. ಗೆದ್ದಲು ಮಣ್ಣಿನ ಗೆರೆ ಎಳೆದಿತ್ತು. ಮೇಲಿನ ಮನೆಯಿಂದ ಬಿಳಿ ಹಾಸು ತರಲು ಹೆಂಡತಿಗೆ ಫೋನ್ ಮಾಡಿದೆ.

"ನೆಂಟ್ರಿಗೆ ಅಂತ ಎತ್ತಿಟ್ಟಿರೋದು ಕಣ್ರೀ ಅದು," ಎಂದಳು. ಆದರೂ ಇಸ್ತ್ರಿ ಮಾಡಿಕೊಂಡೇ ಇಳಿದು ಬಂದಳು.

ನಿಯಮ ಹೇಳುವುದಕ್ಕೆ ಸುಲಭ. ಹಿಂದೆ ಬರೀ ಬಿಳಿ, ನೆರಳಿರಬಾರದು. ಮುಖ ನೇರ, ಕಣ್ಣು ಬಿಟ್ಟಿರಬೇಕು. ಚಿತ್ರದಲ್ಲಿ ಬೇರೆ ಯಾರೂ, ಯಾರ ಕೈಯೂ ಕಾಣಬಾರದು. ಇದನ್ನು ಹತ್ತು ತಿಂಗಳ ಕೂಸಿಗೆ ಯಾರು ಹೇಳುವುದು? ನೆಲಕ್ಕೆ ಹಾಸು ಹಾಸಿ ಅಂಗಾತ ಮಲಗಿಸಿ ಮೇಲಿನಿಂದ ತೆಗೆಯಹೋದೆ. ಮಲಗಿಸಿದ ಮರುಕ್ಷಣ ಮಗುಚಿಕೊಂಡು ಬಾಗಿಲ ಕಡೆ ಅಂಬೆಗಾಲಿಟ್ಟಿತು. ನಾಲ್ಕು ಸಲ ಹೀಗೇ ಆಯಿತು. ಗೋಡೆಗೆ ಆನಿಸಿ ಕೂರಿಸಿದರೆ ಪಕ್ಕಕ್ಕೆ ವಾಲುತ್ತಿತ್ತು.

ಆಗ ನೆನಪಾಯಿತು, ನಾನು ಕೆಲಸ ಕಲಿತ ಅಂಗಡಿಯಲ್ಲಿ ಎಳೆಗೂಸುಗಳಿಗೆ ಏನು ಮಾಡುತ್ತಿದ್ದರು ಎಂದು. ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿದೆ. ತಲೆಯಿಂದ ಕಾಲಿನವರೆಗೆ ಬಿಳಿ ಹಾಸು ಹೊದಿಸಿದೆ. ಕೂಸನ್ನು ಅವಳ ತೊಡೆಯ ಮೇಲೆ, ಹಾಸಿನ ಹೊರಗೆ ಕೂರಿಸಿ, "ಒಳಗಿಂದ್ಲೇ ಗಟ್ಟಿ ಹಿಡ್ಕೊಳಮ್ಮ," ಅಂದೆ.

ಹೊದಿಸುವ ಮುಂಚೆ ಅವಳು ಕೂಸಿನ ಕೆನ್ನೆಯ ದೊಡ್ಡ ಕಪ್ಪು ಬೊಟ್ಟನ್ನು ಬೆರಳಿನಿಂದ ಒರೆಸಿದಳು. ಬೆರಳಿಗೆ ಹತ್ತಿದ ಕಾಡಿಗೆಯನ್ನು ಹಾಗೇ ಕೂಸಿನ ಅಂಗಾಲಿಗೆ ಹಚ್ಚಿದಳು. ದೃಷ್ಟಿ ಬೊಟ್ಟು ಎಲ್ಲಾದರೂ ಇರಲೇಬೇಕಲ್ಲ.

ಎರಡೂ ಕಡೆ ಲೈಟ್ ಇಟ್ಟು ಕಿವಿಯ ಹಿಂದಿನ ನೆರಳು ಕಳೆದೆ. ಹೆಂಡತಿ ಹಾಸಿನ ಸುಕ್ಕು ಎಳೆದು, ನನ್ನ ಪಕ್ಕ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸಿದಳು. ಕೂಸು ನೋಡಲಿಲ್ಲ. ಅವ್ವ ಎಲ್ಲಿ ಹೋದಳೆಂದು ತುಟಿ ನಡುಗಿಸಿತು. ಹಾಸಿನೊಳಗಿಂದ, "ಇಲ್ಲೇ ಅದೀನವ್ವಾ," ಎಂದಳು ತಾಯಿ. ಕೂಸು ದನಿ ಬಂದ ಕಡೆ ಗಿರಕ್ಕನೆ ತಿರುಗಿತು. ನನಗೆ ಸಿಕ್ಕಿದ್ದು ಬೆನ್ನು.

"ಮಾತಾಡ್ಬೇಡಮ್ಮ. ಮಾತಾಡಿದ್ರೆ ಹಿಂದೆ ತಿರುಗುತ್ತೆ."

"ಅಳ್ತೈತಲ್ರಿ."

"ಅತ್ರೂ ಮಾತಾಡ್ಬೇಡ."

ಹೇಳಿದ ಮೇಲೆ ನನಗೇ ಕೆಟ್ಟದೆನಿಸಿತು. ಆ ಸೆಕೆಯಲ್ಲಿ, ಫ್ಯಾನ್ ಹಾಕಿದರೆ ಬಟ್ಟೆ ಅಲ್ಲಾಡುತ್ತದೆ ಎಂದು ಅದನ್ನೂ ಆರಿಸಿ, ಒಬ್ಬ ತಾಯಿಯನ್ನು ಮುಸುಕಿನಲ್ಲಿ ಕೂರಿಸಿ, ಅಳುವ ಕೂಸಿಗೆ ದನಿ ಕೊಡಬೇಡ ಎನ್ನುತ್ತಿದ್ದೆ. ಆಮೇಲೆ ಬಟ್ಟೆಯಡಿ ಅವಳ ಹೆಬ್ಬೆರಳುಗಳು ಕೂಸಿನ ಪಕ್ಕೆಯ ಮೇಲೆ ಮೆಲ್ಲಗೆ ಆಡುವುದು ಕಂಡಿತು, ಮಲಗಿಸುವಾಗ ತಟ್ಟುತ್ತಾರಲ್ಲ ಹಾಗೆ. ಕೂಸಿಗೆ ಆ ಕೈ ಗೊತ್ತಿತ್ತು. ಅಳು ನಿಂತಿತು. ಬೀಗದ ಕೈ ಗಲಗಲ ಎಂದಾಗ ಕಣ್ಣರಳಿಸಿ ನೇರ ನನ್ನತ್ತ ನೋಡಿತು. ಕ್ಲಿಕ್ ಮಾಡಿದೆ.

ಹಿನ್ನೆಲೆಯನ್ನು ಮುಟ್ಟಲಿಲ್ಲ. ಎದೆಯಿಂದ ಮೇಲಕ್ಕೆ ಅಳತೆಗೆ ಕತ್ತರಿಸಿದೆ, ಅಷ್ಟೇ. ಕೂದಲ ಎಳೆ ಎಳೆಯೂ ಇತ್ತು. ಬೆವರಿಗೆ ತೊಯ್ದು ಮುಸುಕಿನಿಂದ ಹೊರಬಂದವಳು ಕಂಪ್ಯೂಟರಿನತ್ತ ಬಗ್ಗಿ ನೋಡಿದಳು.

"ನಾ ಅದೀನಂತ ಯಾರಿಗೂ ಗೊತ್ತಾಗಂಗಿಲ್ಲಲ್ರಿ?"

"ಗೊತ್ತಾಗ್ಬಾರ್ದು ಕಣಮ್ಮ. ಅದೇ ರೂಲು."

ಐದನೇ ದಿನಕ್ಕೆ ಕೂಸಿನ ವೀಸಾ ಬಂತು. ಹೊರಡುವ ಹಿಂದಿನ ದಿನ ಹೇಳಿಹೋಗಲು ಬಂದಳು. ಕತ್ತರಿಸದೇ ಇರುವ ಚಿತ್ರ ಇದ್ದರೆ ಒಂದು ಕೊಡಿ ಅಂದಳು. ನಾನು ಅಳಿಸಿರಲಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿದೆ. ಮೇಲೆಲ್ಲಾ ಬಿಳಿ, ನಡುವೆ ಕೂಸು, ಅಂಗಾಲಿನಲ್ಲಿ ಕಪ್ಪು ಬೊಟ್ಟು. ಕೆಳಗೆ ಹಾಸು ಮುಗಿದಲ್ಲಿ ಸವೆದ ಹವಾಯಿ ಚಪ್ಪಲಿಯೊಳಗೆ ಕಾಲುಂಗುರ ತೊಟ್ಟ ಎರಡು ಪಾದ, ಬೆರಳುಗಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದವು.

ಅವಳು ಆ ಪಾದಗಳನ್ನೇ ನೋಡುತ್ತಾ ನಿಂತಳು.

"ಅವರಪ್ಪಗ ಇದನ್ನ ತೋರಸ್ತೀನ್ರಿ," ಎಂದಳು. "ಇಷ್ಟು ದಿನ ಕೂಸಿನ್ನ ಯಾರು ಹಿಡ್ಕೊಂಡಿದ್ರು ಅಂತ ಅವ್ರಿಗೂ ಗೊತ್ತಾಗ್ಲಿ."