ಮುಚ್ಚಿ ಎಂದ ಸಂಪಾದಕೀಯಕ್ಕೆ ಮೂರು ಸಾಲು

ನಮ್ಮ ನಗರಪಾಲಿಕೆಯ ವಾರ್ತಾ ಶಾಖೆಯಲ್ಲಿ ಆಕೆಯನ್ನು ಎಲ್ಲರೂ ಮೂರ್ಸಾಲಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೆ ಮೇಡಂ, ಬೆನ್ನ ಹಿಂದೆ ಮೂರ್ಸಾಲಮ್ಮ. ಅದು ಆಕೆಗೂ ಗೊತ್ತಿತ್ತು. "ಮೂರು ಸಾಲಾದ್ರೂ ಇದೆಯಲ್ಲಪ್ಪ, ನಿಮಗೆ ಒಂದೂ ಇಲ್ಲ" ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದರು.

ಕೆಲಸ ಹೀಗೆ. ಬೆಳಗ್ಗೆ ಪತ್ರಿಕೆಗಳ ಕಟ್ಟು ಬರುತ್ತದೆ. ಪಕ್ಕದ ಮೇಜಿನವನಾದ ನಾನು ನಮ್ಮ ಊರಿನ ಆಡಳಿತಕ್ಕೆ ಸಂಬಂಧಿಸಿದ್ದನ್ನೆಲ್ಲ ಕತ್ತರಿಸಿ ಹಾಳೆಗೆ ಅಂಟಿಸುತ್ತೇನೆ. ಸುದ್ದಿಗಳ ಸಾರ ಬರೆಯುವುದು ನನ್ನ ಪಾಲು, ಸಂಪಾದಕೀಯಗಳು ಮೇಡಂ ಪಾಲು. ಅವು ಎಷ್ಟೇ ಉದ್ದವಿರಲಿ, ಮೂರೇ ಸಾಲು. ನಮ್ಮ ಆಯುಕ್ತ ಸಾಹೇಬರು ಬೆಳಗಿನ ಸಭೆಗೆ ಹೋಗುವ ಮೊದಲು ಓದುವುದು ಅಷ್ಟನ್ನೇ. ಅವರನ್ನು ಬೈಯಬೇಡಿ, ಅವರ ಮೇಜಿನ ಮೇಲಿನ ಕಡತಗಳನ್ನು ನೋಡಿದರೆ ನೀವೂ ಅಯ್ಯೋ ಪಾಪ ಎನ್ನುತ್ತೀರಿ.

ಮೇಡಂ ಓದುವ ಚಂದವೇ ಬೇರೆ. ಮೊದಲು ಸ್ಟೀಲ್ ಅಳತೆಪಟ್ಟಿಯನ್ನು ತಲೆಬರಹದ ಮೇಲೆ ಅಡ್ಡಲಾಗಿ ಇಡುತ್ತಿದ್ದರು. "ಲೇಖನ ಬರೆದೋರು ಒಬ್ರು, ತಲೆಬರಹ ಕೊಡೋರು ಎಷ್ಟೋ ಸಲ ಇನ್ನೊಬ್ರು. ಬಾಗಿಲಿಗೆ ಹಾಕಿದ ಬೋರ್ಡು ನೋಡಿ ಮನೆಯೊಳಗಿನ ಮಾತು ಹೇಳಕ್ಕಾಗುತ್ತಾ?" ಪೂರ್ತಿ ಓದಿದ ಮೇಲೆ ಪೆನ್ಸಿಲ್ ಹಿಡಿದು ತಮಗೆ ತಾವೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತಿದ್ದರು: ಏನಂತಾರೆ? ಯಾಕಂತಾರೆ? ಏನ್ ಮಾಡಿ ಅಂತಾರೆ? ಮೂರಕ್ಕೂ ಉತ್ತರ ಸಿಗುವವರೆಗೆ ಪೆನ್ನು ಮುಟ್ಟುತ್ತಿರಲಿಲ್ಲ.

ಆ ದಿನ ಕಟ್ಟು ಬಿಚ್ಚಿದವನು ನಾನೇ. ದೊಡ್ಡ ಪತ್ರಿಕೆಯ ಸಂಪಾದಕೀಯ, ಮೇಲಿಂದ ಕೆಳಗಿನವರೆಗೆ ಎರಡು ಕಾಲಂ. ತಲೆಬರಹ: 'ಹಳೆಪೇಟೆ ಹೆರಿಗೆ ಆಸ್ಪತ್ರೆ ಮುಚ್ಚಿ'. ಮೇಡಂ ಮೇಜಿಗೆ ಇಡುವ ಮೊದಲು ನಾನೇ ಪೂರ್ತಿ ಓದಿದೆ. ಆ ಆಸ್ಪತ್ರೆಯ ಹಿರಿಯ ನರ್ಸ್ ನಮ್ಮ ಮೇಡಂ ಅವರ ಸ್ವಂತ ಅಕ್ಕ. ತಾಯಿ ಇಲ್ಲದ ಮನೆಯಲ್ಲಿ ತಂಗಿಯನ್ನು ಓದಿಸಿ ಎಂ.ಎ. ಮಾಡಿಸಿದವರು. ಮದುವೆಯಾಗದೆ ಆ ಹೆರಿಗೆ ವಾರ್ಡನ್ನೇ ಮನೆ ಮಾಡಿಕೊಂಡವರು. ಅರ್ಧ ಹಳೆಪೇಟೆ ಮೊದಲು ಅತ್ತದ್ದು ಅವರ ಕೈಯಲ್ಲೇ. ಮುಚ್ಚುವ ಆದೇಶ ಸಾಹೇಬರ ಕಡತದಲ್ಲಿ ಸಹಿಗೆ ಕಾಯುತ್ತಿದೆ ಎಂಬ ಸುದ್ದಿ ಕಚೇರಿಗೆಲ್ಲ ಗೊತ್ತಿತ್ತು.

ಮೇಡಂ ಓದತೊಡಗಿದರು. ನಾನು ಕತ್ತರಿ ಹಿಡಿದು ಕೂತಿದ್ದೆನೇ ಹೊರತು ಒಂದು ತುಂಡನ್ನೂ ಕತ್ತರಿಸಲಿಲ್ಲ.

"ಮೇಡಂ, ಮೊದಲ ಅರ್ಧ ಪೂರ್ತಿ ಹೊಗಳಿದಾರಲ್ಲ" ಎಂದೆ. "ಬಡವರ ತವರುಮನೆ, ಅಲ್ಲಿನ ನರ್ಸುಗಳು ದೇವರಂಥವರು ಅಂತ. ಅದನ್ನೇ ಮೊದಲ ಸಾಲಿಗೆ ಹಾಕಿಬಿಡಿ. ಸುಳ್ಳೇನಲ್ಲವಲ್ಲ, ಪತ್ರಿಕೆಯಲ್ಲೇ ಇದೆ."

"ಇದೆ. ಆದ್ರೆ ಅದು ಅವರ ವಾದ ಅಲ್ಲಪ್ಪ." ಪೆನ್ಸಿಲ್ ಐದನೇ ಪ್ಯಾರಾದ ಮೇಲೆ ನಿಂತಿತು. "ಇಲ್ಲಿವರೆಗೆ ಎದುರಿನೋರ ಮಾತನ್ನ ಒಪ್ಕೊಂಡು ಬಂದಿದಾರೆ. ಇಲ್ಲಿಂದ ತಿರುಗ್ತಾರೆ ನೋಡು. ತಿರುಗಿದ ಮೇಲೆ ಎಲ್ಲಿಗೆ ಹೋದ್ರು ಅನ್ನೋದೇ ಲೆಕ್ಕ."

ನನಗೆ ರೇಗಿತು. "ಅಕ್ಕನ ಹೊಟ್ಟೆ ಮೇಲೆ ಹೊಡೆಯೋ ಲೇಖನಕ್ಕೆ ನೀವ್ಯಾಕೆ ಕೋಲು ಹುಡುಕಿಕೊಡ್ತೀರಿ? ಸ್ವಲ್ಪ ಮೆತ್ತಗೆ ಬರೆದರೆ ಆಕಾಶ ಕಳಚಿ ಬೀಳುತ್ತಾ?"

ಆಕೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಣ್ಣು ತುಂಬಿ ಬಂದಿತ್ತು. ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ಮೊದಲಿನಿಂದ ಓದಿದರು.

ಲೇಖನದ ನಡುವೆ ಒಬ್ಬ ಬಾಣಂತಿಯ ಕಥೆಯಿತ್ತು. ದೊಡ್ಡಾಸ್ಪತ್ರೆಗೆ ಆಟೋದಲ್ಲಿ ಹೋಗುವಾಗ ದಾರಿಯಲ್ಲೇ ತೀರಿಹೋದವಳು. ಓದಿದರೆ ಕರುಳು ಚುರ್ ಎನ್ನುತ್ತದೆ. ಆಧಾರದ ಸಾಲಿಗೆ ಅದೇ ಬರುತ್ತದೆ ಎಂದುಕೊಂಡಿದ್ದೆ. ಮೇಡಂ ಅದನ್ನು ಬಿಟ್ಟರು. "ಇದು ಮನಸ್ಸು ಕರಗಿಸುತ್ತೆ, ವಾದ ಹೊರೋದಿಲ್ಲ. ಒಬ್ಬಳಿಗೆ ಆದದ್ದು ಎಲ್ಲಿ ಬೇಕಾದ್ರೂ ಆಗ್ಬಹುದು. ಹೊರೋದು ಈ ಅಂಕಿಗಳು" ಎಂದು ಮುಂದಿನ ಪ್ಯಾರಾದ ಕೆಳಗೆ ಗೆರೆ ಎಳೆದರು. ಕೊನೆಯ ಪ್ಯಾರಾವನ್ನು ಮಾತ್ರ ಮತ್ತೊಮ್ಮೆ ಓದಿ, ಬೆರಳನ್ನು ಒಂದು ವಾಕ್ಯದ ಮೇಲಿಟ್ಟು ಅದರ ಕೆಳಗೂ ಗೆರೆ ಎಳೆದರು. ಆಮೇಲೆ ಬರೆದರು:

'ವಾದ: ಜನರ ಪ್ರೀತಿ ಗಳಿಸಿದ್ದರೂ, ಹಳೆಪೇಟೆ ಆಸ್ಪತ್ರೆಯಲ್ಲಿ ಹೆರಿಗೆ ಮುಂದುವರಿಸುವುದು ತಾಯಂದಿರ ಜೀವಕ್ಕೆ ಅಪಾಯ ಎನ್ನುತ್ತದೆ ಪತ್ರಿಕೆ.

ಆಧಾರ: ಅಲ್ಲಿ ರಾತ್ರಿ ಅರಿವಳಿಕೆ ವೈದ್ಯರಿಲ್ಲ, ರಕ್ತದ ದಾಸ್ತಾನಿಲ್ಲ, ಕಳೆದ ವರ್ಷ ಅಲ್ಲಿಂದ ದೊಡ್ಡಾಸ್ಪತ್ರೆಗೆ ಕಳಿಸಿದ ಗರ್ಭಿಣಿಯರ ಪೈಕಿ ನಾಲ್ವರಲ್ಲಿ ಒಬ್ಬರು ತಡವಾಗಿ ತಲುಪಿದ್ದಾರೆ.

ಶಿಫಾರಸು: ಹೆರಿಗೆಗಳನ್ನು ದೊಡ್ಡಾಸ್ಪತ್ರೆಗೆ ವರ್ಗಾಯಿಸಬೇಕು, ಆದರೆ ಹಗಲೂ ರಾತ್ರಿಯೂ ನಿಲ್ಲುವ ಅಂಬುಲೆನ್ಸ್ ಹಳೆಪೇಟೆಗೆ ಬಂದ ನಂತರವೇ; ಗರ್ಭಿಣಿಯರ ತಪಾಸಣೆ ಮಾತ್ರ ಹಳೆಪೇಟೆಯಲ್ಲೇ ಮುಂದುವರಿಯಬೇಕು.'

ಆಮೇಲೆ ಅಳತೆಪಟ್ಟಿ ಸರಿಸಿ ತಲೆಬರಹ ನೋಡಿದರು. "ಮುಚ್ಚಿ ಅಂತೆ! ಮುಚ್ಚಿ ಅಂತ ಒಳಗೆಲ್ಲೂ ಹೇಳೇ ಇಲ್ಲವಲ್ಲೋ" ಎಂದರು.

ನಾನು ಆ ಮೂರು ಸಾಲನ್ನು ಓದಿ ದಂಗಾದೆ. ಅಕ್ಕನಿಗೆ ವಿರುದ್ಧವಾದ ಮಾತನ್ನು ಅದನ್ನು ಬರೆದ ಸಂಪಾದಕರಿಗಿಂತ ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದ್ದರು. ಒಂದು ಕೂದಲೆಳೆಯಷ್ಟೂ ತಮ್ಮ ಕಡೆಗೆ ಎಳೆದುಕೊಂಡಿರಲಿಲ್ಲ. ನನ್ನ ಕೈಯಲ್ಲಾಗಿದ್ದರೆ? ಥೂ, ಆ ಮಾತು ಬಿಡಿ.

ಹಾಳೆ ಒಯ್ದವನೂ ನಾನೇ. ಸಾಹೇಬರು ನಿಂತುಕೊಂಡೇ ಓದಿದರು. ಆದೇಶದ ಕಡತ ತೆರೆದಿತ್ತು, ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಮೂರನೇ ಸಾಲಿಗೆ ಬಂದವರು ಕುರ್ಚಿಯಲ್ಲಿ ಕೂತರು.

"ಹಳೆಪೇಟೇಲಿ ಅಂಬುಲೆನ್ಸ್ ಇದೆಯೇನ್ರೀ?" ಎಂದು ಆರೋಗ್ಯಾಧಿಕಾರಿಗೆ ಫೋನ್ ಹಚ್ಚಿದರು. ಇಲ್ಲ ಎಂಬ ಉತ್ತರ ಬಂತು. "ಮುಚ್ಚಿ ಅಂತ ಎಲ್ಲರೂ ಹೇಳಿದ್ರಿ. ಇದನ್ನ ಯಾರೂ ಹೇಳ್ಲಿಲ್ವಲ್ಲ?" ಪೆನ್ನಿಗೆ ಮುಚ್ಚಳ ಹಾಕಿದರು. "ಮೊದಲು ಗಾಡಿ ನಿಲ್ಲಿಸಿ. ಆಮೇಲೆ ಈ ಕಡತ ತನ್ನಿ."

ನಾನು ವಾಪಸ್ ಬರುವಾಗ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದೆ. ಆ ಮೂರನೇ ಸಾಲನ್ನು ಸಾಹೇಬರು ಯಾಕೆ ನಂಬಿದರು ಎಂಬುದು ದಾರಿಯಲ್ಲೇ ಹೊಳೆಯಿತು. ಮೇಡಂ ಯಾರ ತಂಗಿ ಎಂದು ಅವರಿಗೂ ಗೊತ್ತಿತ್ತು; ಮೊದಲ ಎರಡು ಸಾಲಿನಲ್ಲಿ ಮೆತ್ತಗೆ ಮಾಡಿದ್ದರೆ ಮೂರನೆಯದೂ ನರ್ಸಿನ ತಂಗಿಯ ಗೋಗರೆತದಂತೆ ಕೇಳಿಸುತ್ತಿತ್ತು.

ಸಂಜೆ ಅಕ್ಕ ಕಚೇರಿಗೇ ಬಂದರು. ಬಿಳಿ ಸೀರೆ, ಕೊರಳಲ್ಲಿ ಗುರುತಿನ ಚೀಟಿ, ಮುಖ ಕೆಂಡ. "ಇನ್ನು ಸ್ವಲ್ಪ ದಿನಕ್ಕೆ ಹೆರಿಗೆ ನಿಲ್ಲುತ್ತಂತೆ. ಸಾಹೇಬರಿಗೆ ಅದನ್ನ ಬರೆದುಕೊಟ್ಟೋಳು ನೀನಂತೆ. ನಿಜವೇನೇ?"

ಮೇಡಂ ಪ್ರತಿಯನ್ನು ಮುಂದಿಟ್ಟರು. ಅಕ್ಕ ಓದಿದರು. ಎರಡನೇ ಸಾಲಿನ ಮೇಲೆ ಅವರ ಕಣ್ಣು ನಿಂತುಬಿಟ್ಟಿತು. ಕುರ್ಚಿ ಎಳೆದುಕೊಂಡು ಕೂತರು.

"ನಾಲ್ವರಲ್ಲಿ ಒಬ್ಬಳು" ಎಂದರು. "ಆ ಒಬ್ಬೊಬ್ಬಳನ್ನೂ ಆಟೋ ಹತ್ತಿಸಿದೋಳು ನಾನೇ ಕಣೇ. ಗಾಡಿ ಕೊಡಿ ಗಾಡಿ ಕೊಡಿ ಅಂತ ಬಾಯಿ ಬಡ್ಕೊಂಡು ಸಾಕಾಗಿತ್ತು." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ಇದನ್ನ ಬರೆಯೋವಾಗ ನಾನು ನೆನಪಿಗೆ ಬರ್ಲಿಲ್ವೇನೇ ನಿಂಗೆ?"

"ಬಂದೆ ಅಕ್ಕ. ಅದಕ್ಕೇ ಮತ್ತೆ ಮತ್ತೆ ಓದಿದೆ. ನಿನ್ನ ಮೇಲಿನ ಪ್ರೀತಿಗೆ ಪತ್ರಿಕೆಯೋರ ಮಾತು ಎಲ್ಲಿ ಕೆಟ್ಟುಬಿಡುತ್ತೋ ಅಂತ."

ಅಕ್ಕ ಹಾಳೆಯನ್ನು ಮಡಚಿ ಸೆರಗಿನಲ್ಲಿ ಸಿಕ್ಕಿಸಿಕೊಂಡರು. "ನಡಿ, ಮನೆಗೆ ಹೋಗೋಣ" ಎಂದು ತಂಗಿಯ ಚೀಲವನ್ನು ತಾವೇ ಎತ್ತಿಕೊಂಡರು.