ಎರಡನೇ ಕರೆಯಲ್ಲಿ ಅಕ್ಕ

ದರ್ಜಿಯಮ್ಮ ಅಕ್ಕನ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ತಾನಾಗಿ ಫೋನ್ ಮಾಡಲು ಹಠ ಬಿಡುತ್ತಿರಲಿಲ್ಲ. ಆದರೆ ಹೊಲಿಗೆ ಯಂತ್ರದ ಪಕ್ಕದ ಫೋನ್ ರಿಂಗಾದಾಗಲೆಲ್ಲ ಪೆಡಲ್ ಮೇಲಿನ ಕಾಲು ತಂತಾನೇ ನಿಲ್ಲುತ್ತಿತ್ತು.

ಆ ಮಧ್ಯಾಹ್ನ ಕರೆ ಮಾಡಿದವನು ಯಾರೋ ಗುರುತಿಲ್ಲದವನು. "ನಿಮ್ಮವರೊಬ್ರು ಈ ನಂಬರ್ ಕೊಟ್ರು. ಅವರೂ ಈಗ ಬೇರೆ ನಂಬರಿಂದ ಮಾಡ್ತಾರೆ," ಎಂದ.

"ಅಕ್ಕಾನಾ?" ಬಾಯಿ ತಪ್ಪಿ ಬಂದುಬಿಟ್ಟಿತು.

"ಹೂಂ, ಅಕ್ಕಾನೇ. ಇನ್ನೊಂದು ಕಾಲ್ ಬರ್ತಿದೆ ನೋಡಿ, ಎತ್ಕೊಂಡು ಮರ್ಜ್ ಮಾಡಿ. ಮೂವರೂ ಮಾತಾಡೋಣ."

ಅವಳು ಎರಡೂ ಕರೆಗಳನ್ನು ಸೇರಿಸಿ ಉಸಿರು ಬಿಗಿಹಿಡಿದಳು. ಅಕ್ಕನ ಬದಲು ಫೋನಿನಲ್ಲಿ ಯಂತ್ರದ ದನಿಯೊಂದು ಆರು ಅಂಕಿಗಳನ್ನು ಒಂದೊಂದಾಗಿ ಓದಿತು. ಫೋನ್ ಕಟ್ಟಾದ ಮೇಲೂ ಅವಳು "ಅಕ್ಕಾ?" ಎನ್ನುತ್ತಲೇ ಇದ್ದಳು. ಆಮೇಲೆ ನೋಡಿದರೆ ಮೆಸೇಜ್ ಆ್ಯಪ್ ಅವಳನ್ನೇ ಹೊರಗೆ ಹಾಕಿತ್ತು.

ಅವಳು ಓಡಿಹೋಗಿ ಹೇಳಿದ್ದನ್ನೆಲ್ಲ ಕೇಳಿ ಮೊಬೈಲ್ ಅಂಗಡಿಯವನು ತಲೆ ಚಚ್ಚಿಕೊಂಡ. "ನಿಮ್ಮ ಖಾತೆನ ತನ್ನ ಫೋನಲ್ಲಿ ತೆರೆಯೋಕೆ ಆ ಆರಂಕಿ ಕೋಡ್ ಕೇಳಿದ್ದು ಮೊದಲು ಕರೆ ಮಾಡಿದೋನೇ. ಅದನ್ನ ಹೇಳೋಕೇ ಆ್ಯಪ್‌ನೋರ ಯಂತ್ರ ನಿಮಗೆ ಕರೆ ಮಾಡಿದ್ದು. ನೀವು ಸೇರಿಸಿದ್ರಿ, ನಿಮ್ಮ ಕಿವಿಗೆ ಬಿದ್ದಿದ್ದು ಅವನ ಕಿವಿಗೂ ಬಿತ್ತು."

"ಹಾಗಾದ್ರೆ ಅಕ್ಕ ಮಾಡಿರ್ಲಿಲ್ವಾ?"

ಅಷ್ಟರಲ್ಲೇ ಅವಳ ಫೋನ್ ರಿಂಗಾಯಿತು.

"ಏನೇ, ಅರ್ಜೆಂಟಾಗಿ ದುಡ್ಡು ಬೇಕು ಅಂತ ಮೆಸೇಜ್ ಹಾಕಿದ್ದು ನೀನಲ್ಲ ತಾನೇ?" ಅಕ್ಕನ ಅದೇ ಸಿಡುಕು ದನಿ. "ಸತ್ರೂ ನನ್ನ ಹತ್ರ ಕೈ ಚಾಚೋಳಲ್ಲ ನೀನು. ನಂಗೊತ್ತಿಲ್ವಾ ನಿನ್ನ ಕೊಬ್ಬು?"

ದುಡ್ಡು ಹಾಕಬೇಡಿ ಅನ್ನಿ ಎಂದು ಅಂಗಡಿಯವನು ಸನ್ನೆ ಮಾಡುತ್ತಿದ್ದ. ದರ್ಜಿಯಮ್ಮ ಅವನ ಕಡೆ ನೋಡದೆ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಇನ್ನೊಂಚೂರು ಬೈಯೇ ಅಕ್ಕಾ," ಎಂದಳು.